ಮೈಸೂರಿನ ಸೈಟು ಮಾರಿದ ಹಣ ಹ್ಯೂಸ್ಟನ್‌ಗೆ: ಬ್ಯಾಂಕು ಕೇಳುವ ಕಾಗದಗಳು, ಸಿಎ ಕೊಡುವ 15ಸಿಬಿ

ಪ್ರಶ್ನೆ: ಅಪ್ಪ 1994ರಲ್ಲಿ ಕೊಂಡಿದ್ದ ಮೈಸೂರಿನ ಸೈಟು ಅವರ ಉಯಿಲಿನಿಂದ ನನಗೆ ಬಂತು. ನಾನು ಹ್ಯೂಸ್ಟನ್‌ನಲ್ಲಿದ್ದೇನೆ. 2025ರ ಸೆಪ್ಟೆಂಬರ್‌ನಲ್ಲಿ ಜಿಪಿಎ ಮೇಲೆ ತಮ್ಮ ಅದನ್ನು 1.40 ಕೋಟಿಗೆ ಮಾರಿಕೊಟ್ಟ. ಕೊಂಡವರು 20.93 ಲಕ್ಷ ಟಿಡಿಎಸ್ ಹಿಡಿದಿದ್ದಾರೆ. ಅಡ್ವಾನ್ಸ್ 10 ಲಕ್ಷ ತಮ್ಮನ ಖಾತೆಗೆ ಹೋಗಿ ಅಲ್ಲಿಂದ ನನ್ನ ಎನ್‌ಆರ್‌ಒ ಖಾತೆಗೆ ಬಂತು, ಮಿಕ್ಕಿದ್ದು ನೇರವಾಗಿ ಬಂತು. ಬ್ಯಾಂಕಿನವರು ಒಂದೊಂದು ಸಲ ಒಂದೊಂದು ಕಾಗದ ಕೇಳುತ್ತಿದ್ದಾರೆ. ಒಟ್ಟು ಏನೇನು ಬೇಕು? ಸಿಎ ನಿಜವಾಗಿ ಏನನ್ನು ಸರ್ಟಿಫೈ ಮಾಡುತ್ತಾರೆ?

ಉತ್ತರ: ಬ್ಯಾಂಕು ಕೇಳುವ ಕಾಗದ ಎಷ್ಟೇ ಇದ್ದರೂ ಅವೆಲ್ಲ ಮೂರು ವಿಷಯಕ್ಕೆ ಸಂಬಂಧಿಸಿದವು. ಸೈಟು ನಿಮ್ಮದಾದದ್ದು ಹೇಗೆ, ಅದನ್ನು ಮಾರಿದ ಹಣವೇ ಈ ಖಾತೆಗೆ ಬಂದಿದೆಯೇ, ಅದರ ಮೇಲಿನ ತೆರಿಗೆ ಕಟ್ಟಿಯಾಗಿದೆಯೇ. ಮೊದಲಿನ ಎರಡನ್ನು ಬ್ಯಾಂಕು ವಿದೇಶಿ ವಿನಿಮಯದ ಕಾನೂನು, ಅಂದರೆ ಫೆಮಾ ಪ್ರಕಾರ ನೋಡುತ್ತದೆ. ಮೂರನೆಯದನ್ನು ಆದಾಯ ತೆರಿಗೆ ಕಾನೂನಿನ ಪ್ರಕಾರ ಸಿಎ ನೋಡಿ 15ಸಿಬಿ ಎಂಬ ಪ್ರಮಾಣಪತ್ರದಲ್ಲಿ ಬರೆದುಕೊಡುತ್ತಾರೆ. 15ಸಿಬಿ ಕೈಯಲ್ಲಿದ್ದರೂ ಎಷ್ಟೋ ಅರ್ಜಿಗಳು ವಾಪಸು ಬರುವುದು ಇದಕ್ಕೇ: ತೆರಿಗೆಯ ಕಾಗದ ಸರಿಯಿರುತ್ತದೆ, ಫೆಮಾ ಕಡೆಯ ಕೊಂಡಿ ತಪ್ಪಿರುತ್ತದೆ. ನಿಮ್ಮ ವಿಷಯದಲ್ಲಿ ಆ ಕೊಂಡಿ ಎಂದರೆ ತಮ್ಮನ ಖಾತೆಗೆ ಹೋಗಿಬಂದ 10 ಲಕ್ಷ.

ಮೊದಲು ಮಿತಿಯ ಮಾತು. ಅಪ್ಪ ರೂಪಾಯಿ ಕೊಟ್ಟು ಕೊಂಡ, ನಿಮಗೆ ಉಯಿಲಿನಿಂದ ಬಂದ ಆಸ್ತಿ ಇದು. 2016ರ ಆಸ್ತಿ ರವಾನೆ ನಿಯಮಗಳ ಪ್ರಕಾರ ಇಂಥ ಹಣವನ್ನು ಎನ್‌ಆರ್‌ಒ ಖಾತೆಯಿಂದ ಒಂದು ಹಣಕಾಸು ವರ್ಷದಲ್ಲಿ, ಅಂದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ, 10 ಲಕ್ಷ ಅಮೆರಿಕನ್ ಡಾಲರ್ ತನಕ ಹೊರಗೆ ಕಳಿಸಬಹುದು. ಈ ಮಿತಿ ಒಬ್ಬ ವ್ಯಕ್ತಿಗೆ, ಎಲ್ಲ ಬ್ಯಾಂಕುಗಳೂ ಸೇರಿ. ಡಾಲರಿಗೆ 88 ರೂಪಾಯಿ ಹಿಡಿದರೆ ನಿಮ್ಮ ಮೊತ್ತ 1.34 ಲಕ್ಷ ಡಾಲರ್ ಆಸುಪಾಸು, ಹಾಗಾಗಿ ಮಿತಿಯ ಚಿಂತೆ ಬೇಡ. ಒಂದೇ ಆಸ್ತಿಯ ಹಣವನ್ನು ಕಂತುಗಳಲ್ಲಿ ಕಳಿಸುವುದಾದರೆ ಎಲ್ಲ ಕಂತೂ ಒಂದೇ ಬ್ಯಾಂಕಿನ ಮೂಲಕ ಹೋಗಬೇಕು. ಅರ್ಧ ಇಲ್ಲಿ, ಅರ್ಧ ವಿನಿಮಯ ದರ ಚೆನ್ನಾಗಿ ಸಿಗುವ ಇನ್ನೊಂದು ಬ್ಯಾಂಕಿನಲ್ಲಿ ಎಂದು ಹಂಚಲು ಹೋಗಬೇಡಿ.

ಅನಿವಾಸಿಯಾದ ಮೇಲೆ ವಿದೇಶದಿಂದ ತಂದ ಹಣದಲ್ಲೋ ಎನ್‌ಆರ್‌ಇ ಖಾತೆಯ ಹಣದಲ್ಲೋ ಸ್ವತಃ ಆಸ್ತಿ ಕೊಂಡವರ ದಾರಿ ಬೇರೆ. ಅಂಥವರು ಆಗ ವಿದೇಶಿ ಹಣದಲ್ಲಿ ಕೊಟ್ಟಷ್ಟು ಮೊತ್ತವನ್ನು ಈ ಮಿತಿಗೆ ಸೇರಿಸದೆ ವಾಪಸು ಒಯ್ಯಬಹುದು. ವಾಸದ ಮನೆಗಳಾದರೆ ಈ ಸೌಲಭ್ಯ ಎರಡಕ್ಕೆ ಮಾತ್ರ. ಅದಕ್ಕೆ ಕೊಂಡ ಕಾಲದ ಬ್ಯಾಂಕ್ ದಾಖಲೆ ಬೇಕು. ನಿಮಗೆ ಇದು ಅನ್ವಯಿಸದು.

ಇನ್ನು ಸೈಟು ನಿಮ್ಮದಾದ ಬಗೆ. ಅಪ್ಪನ ಹೆಸರಿನ 1994ರ ಕ್ರಯಪತ್ರ (ಮುಡಾ ಸೈಟಾದರೆ ಹಂಚಿಕೆ ಪತ್ರವೂ ಸೇರಿ), ಅವರ ಮರಣ ಪ್ರಮಾಣಪತ್ರ, ಉಯಿಲು, ನಿಮ್ಮ ಹೆಸರಿಗೆ ಬದಲಾದ ಖಾತೆ, ಇವಿಷ್ಟನ್ನೂ ಒಟ್ಟಿಗೆ ಕೊಡಿ. ಕರ್ನಾಟಕದಲ್ಲಿ ಸಾಮಾನ್ಯವಾಗಿ ಉಯಿಲಿಗೆ ಪ್ರೊಬೇಟ್ ಕಡ್ಡಾಯವಲ್ಲ. ಆದರೆ ಉಯಿಲು ನೋಂದಣಿಯಾಗಿಲ್ಲದಿದ್ದರೆ ಬ್ಯಾಂಕಿನ ಕಾನೂನು ವಿಭಾಗ ವಂಶವೃಕ್ಷ ಕೇಳಬಹುದು, ಮಿಕ್ಕ ವಾರಸುದಾರರ ಒಪ್ಪಿಗೆ ಪತ್ರವನ್ನೂ ಕೇಳಬಹುದು. ತಮ್ಮ ಊರಲ್ಲೇ ಇರುವುದರಿಂದ ಅವನ್ನು ಈಗಲೇ ಮಾಡಿಸಿಟ್ಟುಕೊಳ್ಳುವುದು ಒಳ್ಳೆಯದು.

ನಮ್ಮ ಕಡೆಯ ಕಡತಗಳಿಗೆ ವಿಶೇಷವಾಗಿ ತಟ್ಟುವ ಎರಡು ತೊಡಕುಗಳಿವೆ. ಒಂದು ಭಾಷೆಯದು. ವಿದೇಶಿ ರವಾನೆಯ ಕಡತ ನಿಮ್ಮ ಶಾಖೆಯಲ್ಲಿ ತೀರ್ಮಾನವಾಗುವುದು ಕಡಿಮೆ. ಹೆಚ್ಚಿನ ಬ್ಯಾಂಕುಗಳಲ್ಲಿ ಅದು ಬೇರೆ ಊರಿನ ಕೇಂದ್ರ ಘಟಕಕ್ಕೆ ಹೋಗುತ್ತದೆ, ಅಲ್ಲಿ ಕನ್ನಡ ಓದುವವರು ಇರುತ್ತಾರೆ ಎಂದು ನಂಬಿಕೊಳ್ಳುವಂತಿಲ್ಲ. ಕ್ರಯಪತ್ರ, ಉಯಿಲು, ಖಾತೆ ಕನ್ನಡದಲ್ಲಿದ್ದರೆ ನೋಟರಿ ಮಾಡಿಸಿದ ಇಂಗ್ಲಿಷ್ ಅನುವಾದವನ್ನು ಮೊದಲೇ ಜೊತೆಗಿಡಿ. ಇನ್ನೊಂದು ಹೆಸರಿನದು. ಸೈಟಿನ ಖಾತೆಯಲ್ಲಿ ಇನಿಷಿಯಲ್ ಮುಂದೆ, ಪಾಸ್‌ಪೋರ್ಟಿನಲ್ಲಿ ಅದೇ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಆಗಿ ಕೊನೆಗೆ, ಪ್ಯಾನ್‌ನಲ್ಲಿ ಮೂರನೆಯ ರೂಪ. ನಮಗೆ ಇದು ಒಬ್ಬರದೇ ಹೆಸರು ಎಂದು ನೋಡಿದ ಕೂಡಲೇ ತಿಳಿಯುತ್ತದೆ, ಬ್ಯಾಂಕಿನ ಪರಿಶೀಲಕರಿಗೆ ಮೂವರು ಬೇರೆ ಬೇರೆ ಮನುಷ್ಯರಂತೆ ಕಾಣುತ್ತದೆ. ಮೂರೂ ರೂಪಗಳನ್ನು ಬರೆದು, ಎಲ್ಲವೂ ಒಬ್ಬನೇ ವ್ಯಕ್ತಿಯ ಹೆಸರು ಎಂದು ಒಂದು ಅಫಿಡವಿಟ್ ಮಾಡಿಸಿ.

ಮಾರಾಟದ ಕಡೆಗೆ ಬರೋಣ. ಒಪ್ಪಂದ ಪತ್ರ, ನೋಂದಾಯಿತ ಕ್ರಯಪತ್ರ, ಜಿಪಿಎ, ಹಣ ಜಮೆಯಾದ ದಿನದಿಂದ ಇಂದಿನವರೆಗಿನ ಎನ್‌ಆರ್‌ಒ ಸ್ಟೇಟ್‌ಮೆಂಟ್ ಬೇಕು. ಅಮೆರಿಕದಲ್ಲಿ ಬರೆದುಕೊಟ್ಟ ಜಿಪಿಎಗೆ ಭಾರತೀಯ ಕಾನ್ಸುಲೇಟಿನ ದೃಢೀಕರಣವೋ ಅಪೊಸ್ಟಿಲ್ ಮುದ್ರೆಯೋ ಇರಬೇಕು. ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕವನ್ನೂ ಕಟ್ಟಿರಬೇಕು. ನೋಂದಣಿಯೇ ಆಗಿಹೋಗಿರುವುದರಿಂದ ಇದು ಸರಿಯಾಗಿದೆ ಎಂದುಕೊಳ್ಳಬಹುದು, ಪ್ರತಿ ಮಾತ್ರ ಕೊಡಿ.

ಈಗ ಆ 10 ಲಕ್ಷ. ಎನ್‌ಆರ್‌ಒ ಖಾತೆಯಿಂದ ಹೊರಗೆ ಕಳಿಸುವಾಗ ನೀವು ಬ್ಯಾಂಕಿಗೆ ಒಂದು ಮುಚ್ಚಳಿಕೆ ಬರೆದುಕೊಡುತ್ತೀರಿ: ಈ ಹಣ ಭಾರತದಲ್ಲಿ ನನಗೆ ನ್ಯಾಯವಾಗಿ ಬರಬೇಕಾದದ್ದು, ಬೇರೆಯವರಿಂದ ಸಾಲ ಪಡೆದದ್ದಲ್ಲ, ಇನ್ನೊಂದು ಎನ್‌ಆರ್‌ಒ ಖಾತೆಯಿಂದ ವರ್ಗಾಯಿಸಿದ್ದೂ ಅಲ್ಲ ಎಂದು. ತಪ್ಪಾದರೆ ಫೆಮಾ ಪ್ರಕಾರ ದಂಡಕ್ಕೆ ಗುರಿಯಾಗುವವರು ನೀವೇ. ಸ್ಟೇಟ್‌ಮೆಂಟಿನಲ್ಲಿ ತಮ್ಮನ ಹೆಸರಿನಿಂದ 10 ಲಕ್ಷ ಜಮೆಯಾದದ್ದು ಕಂಡರೆ ಪರಿಶೀಲಕರು ಅದನ್ನು ಸಾಲ ಎನ್ನಬಹುದು, ಉಡುಗೊರೆ ಎನ್ನಬಹುದು. ಸೈಟಿನ ಹಣ ಎಂದು ಓದಲು ಅವರಿಗೆ ಕಾರಣ ಬೇಕು, ಆ ಕಾರಣವನ್ನು ಕಾಗದದಲ್ಲಿ ತೋರಿಸಬೇಕಾದವರು ನೀವು.

ಕ್ರಯಪತ್ರದಲ್ಲಿ ಹಣ ಸಂದಾಯದ ವಿವರ ಬರೆದ ಪುಟ ತೆರೆಯಿರಿ. ಒಪ್ಪಂದದ ದಿನ 10 ಲಕ್ಷವನ್ನು ಇಂಥ ಯುಟಿಆರ್ ಸಂಖ್ಯೆಯಲ್ಲಿ, ಮಾರುವವರ ಪರವಾಗಿ ಜಿಪಿಎ ಹೊಂದಿರುವವರ ಖಾತೆಗೆ ಸಂದಾಯ ಮಾಡಿದೆ ಎಂದು ಅಲ್ಲಿ ಬರೆದಿದ್ದರೆ ಮುಕ್ಕಾಲು ಕೆಲಸ ಮುಗಿದಂತೆ. ಅದರ ಜೊತೆಗೆ ತಮ್ಮನ ಖಾತೆಯ ಆ ತಿಂಗಳ ಸ್ಟೇಟ್‌ಮೆಂಟ್ ಬೇಕು. ಕೊಂಡವರಿಂದ 10 ಲಕ್ಷ ಬಂದದ್ದು, ನಿಮ್ಮ ಎನ್‌ಆರ್‌ಒಗೆ 10 ಲಕ್ಷ ಹೋದದ್ದು, ಎರಡೂ ಸಾಲುಗಳು ಒಂದೇ ಹಾಳೆಯಲ್ಲಿ ಕಾಣಬೇಕು. ಮೇಲೆ ತಮ್ಮನ ಒಂದು ಪುಟದ ಹೇಳಿಕೆ: ಜಿಪಿಎ ಅಧಿಕಾರದಲ್ಲಿ ಮಾರುವವರ ಪರವಾಗಿ ಹಣ ಪಡೆದೆ, ಇಂಥ ದಿನ ಅವರ ಖಾತೆಗೆ ಕಳಿಸಿದೆ, ಅದರಲ್ಲಿ ನನ್ನ ಹಕ್ಕಿಲ್ಲ. ಕ್ರಯಪತ್ರದಲ್ಲಿ ಈ ವಿವರ ಇಲ್ಲದಿದ್ದರೆ ಒಪ್ಪಂದ ಪತ್ರವನ್ನೂ ರಸೀದಿಯನ್ನೂ ಕೊಂಡವರ ಬ್ಯಾಂಕ್ ದಾಖಲೆಯನ್ನೂ ಸೇರಿಸಿ. ಅವಸರದಲ್ಲಿ ಇದನ್ನು ತಮ್ಮ ಕೊಟ್ಟ ಉಡುಗೊರೆ ಎಂದು ಮಾತ್ರ ಬರೆಯಬೇಡಿ. ಬರೆದರೆ ಆ 10 ಲಕ್ಷ ಸೈಟಿನ ಹಣವಾಗಿ ಉಳಿಯದು, 1.40 ಕೋಟಿಯ ಲೆಕ್ಕ ಮತ್ತೆ ಕೂಡಿಬರದು, ತಮ್ಮನೂ ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗುತ್ತದೆ. ಇನ್ನೂ ಮಾರದೆ ಇರುವವರಿಗೆ ಒಂದು ಮಾತು: ಅಡ್ವಾನ್ಸಿನ ಮೊದಲ ರೂಪಾಯಿಯಿಂದಲೇ ಎಲ್ಲವೂ ನಿಮ್ಮ ಎನ್‌ಆರ್‌ಒ ಖಾತೆಗೇ ಬೀಳಲಿ. ಹಳೆಯ ಸಾಮಾನ್ಯ ಉಳಿತಾಯ ಖಾತೆ ಇದ್ದರೆ ಮಾರಾಟಕ್ಕೆ ಮುಂಚೆಯೇ ಅದನ್ನು ಎನ್‌ಆರ್‌ಒ ಮಾಡಿಸಿ.

ಇನ್ನು ಸಿಎ ಪ್ರಮಾಣಪತ್ರ. ಫಾರ್ಮ್ 15ಸಿಬಿ ಎನ್ನುವುದು ಆದಾಯ ತೆರಿಗೆಯ ಪೋರ್ಟಲ್‌ನಲ್ಲಿ ಸಿಎ ತಮ್ಮ ಡಿಜಿಟಲ್ ಸಹಿ ಹಾಕಿ ಸಲ್ಲಿಸುವ ಪ್ರಮಾಣಪತ್ರ. ಕಳಿಸುವವರು ಯಾರು, ಪಡೆಯುವವರು ಯಾರು (ನಿಮ್ಮ ವಿಷಯದಲ್ಲಿ ಇಬ್ಬರೂ ನೀವೇ), ಯಾವ ದೇಶಕ್ಕೆ, ರೂಪಾಯಿಯಲ್ಲಿ ಎಷ್ಟು, ಡಾಲರಿನಲ್ಲಿ ಎಷ್ಟು, ಯಾವ ಬ್ಯಾಂಕಿನ ಯಾವ ಶಾಖೆ, ಅದರ 7 ಅಂಕಿಯ ಬಿಎಸ್‌ಆರ್ ಕೋಡ್, ಕಳಿಸುವ ಅಂದಾಜು ದಿನಾಂಕ, ಹಣ ಯಾವ ಉದ್ದೇಶಕ್ಕೆ ಹೋಗುತ್ತಿದೆ ಎಂದು ತಿಳಿಸುವ ರಿಸರ್ವ್ ಬ್ಯಾಂಕಿನ ಪರ್ಪಸ್ ಕೋಡ್, ಇಷ್ಟು ಅದರ ಮೊದಲ ಭಾಗ. ಈ ಹಣದಲ್ಲಿ ತೆರಿಗೆಗೆ ಒಳಪಡುವ ಆದಾಯ ಎಷ್ಟು, ತೆರಿಗೆ ಎಷ್ಟು, ಯಾವ ಆಧಾರದ ಮೇಲೆ ಎಂಬುದು ಎರಡನೆಯ ಭಾಗ, ಅದೇ ಅದರ ಜೀವ. ಹಣ ಹೊರಗೆ ಹೋಗಬಹುದು ಎಂಬ ಅನುಮತಿಯನ್ನು 15ಸಿಬಿ ಕೊಡುವುದಿಲ್ಲ, ತೆರಿಗೆಯ ಸ್ಥಿತಿ ಇದು ಎಂದಷ್ಟೇ ಹೇಳುತ್ತದೆ.

ನಿಮ್ಮ ಲೆಕ್ಕವನ್ನೇ ಹಾಕಿ ನೋಡೋಣ. 2024ರ ಜುಲೈ 23ರಿಂದೀಚೆಗೆ ಮಾರಿದ ಆಸ್ತಿಗೆ ದೀರ್ಘಾವಧಿ ಲಾಭದ ತೆರಿಗೆ ಶೇ 12.5, ಬೆಲೆಯೇರಿಕೆಗೆ ತಕ್ಕಂತೆ ಅಸಲನ್ನು ಏರಿಸಿಕೊಳ್ಳುವ ಇಂಡೆಕ್ಸೇಶನ್ ಇಲ್ಲ. ಹಳೆಯ ಆಸ್ತಿಗೆ ಇಂಡೆಕ್ಸೇಶನ್ ಜೊತೆ ಶೇ 20 ಎಂಬ ಆಯ್ಕೆ ನಿವಾಸಿಗಳಿಗೆ ಮಾತ್ರ, ಅನಿವಾಸಿಗಳಿಗಿಲ್ಲ. ಅಪ್ಪ ಕೊಂಡದ್ದು 2001ಕ್ಕಿಂತ ಮುಂಚೆ, ಆದ್ದರಿಂದ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಅಸಲು ಎಂದು ಹಿಡಿಯಬಹುದು. ಅದು ಆ ದಿನದ ಸರ್ಕಾರಿ ಮಾರ್ಗಸೂಚಿ ಬೆಲೆಯನ್ನು ಮೀರುವಂತಿಲ್ಲ. ನೋಂದಾಯಿತ ಮೌಲ್ಯಮಾಪಕರ ವರದಿ ಇದಕ್ಕೇ ಬೇಕಾಗುವುದು. ಆ ಬೆಲೆ 6 ಲಕ್ಷ, ದಲ್ಲಾಳಿಗೆ ನೀವು ಬ್ಯಾಂಕಿನ ಮೂಲಕ ಕೊಟ್ಟದ್ದು 1.40 ಲಕ್ಷ ಎಂದಿಟ್ಟುಕೊಳ್ಳಿ. ಲಾಭ 1,32,60,000. ಅದರ ಮೇಲೆ ಶೇ 12.5 ಅಂದರೆ 16,57,500. ಆದಾಯ ಒಂದು ಕೋಟಿ ದಾಟಿದ್ದರಿಂದ ಶೇ 15 ಸರ್ಚಾರ್ಜ್ 2,48,625. ಎರಡರ ಮೇಲೆ ಶೇ 4 ಸೆಸ್ 76,245. ಒಟ್ಟು 19,82,370 ರೂಪಾಯಿ. ಭಾರತದಲ್ಲಿ ನಿಮಗೆ ಬೇರೆ ಆದಾಯವಿದ್ದರೆ ಅದರ ತೆರಿಗೆ ಬೇರೆ.

ಕೊಂಡವರು ಲಾಭವನ್ನು ನೋಡದೆ ಪೂರ್ತಿ 1.40 ಕೋಟಿಯ ಮೇಲೆ ಶೇ 14.95ರಂತೆ ಹಿಡಿದಿದ್ದಾರೆ, ಅದೇ 20,93,000. ಮಾರುವ ಮುಂಚೆ ನೀವು ಇಲಾಖೆಯಿಂದ ಕಡಿಮೆ ಟಿಡಿಎಸ್ ಪ್ರಮಾಣಪತ್ರ ತೆಗೆದುಕೊಳ್ಳದಿದ್ದರೆ ಕೊಂಡವರು ಹೀಗೆ ಹಿಡಿಯುವುದೇ ರೂಢಿ, ಅವರಿಗೂ ಅದೇ ಕ್ಷೇಮ. ತೆರಿಗೆಗಿಂತ ಹೆಚ್ಚೇ ಹಿಡಿದಿರುವುದರಿಂದ ಸಿಎಗೆ ಅಡ್ಡಿಯಿಲ್ಲ. ಖಾತೆಗೆ ಬಂದದ್ದು 1,19,07,000, ದಲ್ಲಾಳಿಯದು ಹೋಗಿ ಉಳಿದದ್ದು 1,17,67,000. ಈ ಅರ್ಜಿಯಲ್ಲಿ ನೀವು ಕಳಿಸಬಹುದಾದ ಗರಿಷ್ಠ ಮೊತ್ತ ಅದೇ. ಅದೇ ಖಾತೆಯಲ್ಲಿ ಬಿದ್ದಿರುವ ಬಡ್ಡಿ, ಬಾಡಿಗೆಯನ್ನೂ ಸೇರಿಸಿ 1.25 ಕೋಟಿ ಎಂದು ಒಟ್ಟಿಗೆ ಬರೆದರೆ ಕಡತ ನಿಲ್ಲುತ್ತದೆ, ಏಕೆಂದರೆ ಕ್ರಯಪತ್ರದ ಲೆಕ್ಕಕ್ಕೆ ಆ ಮೊತ್ತ ತಾಳೆಯಾಗುವುದಿಲ್ಲ. ಅವಕ್ಕೆ ಮೂಲವೂ ಬೇರೆ, ತೆರಿಗೆಯೂ ಬೇರೆ. ಬೇರೆಯಾಗಿಯೇ ಕಳಿಸಿ.

ಸಿಎ ಸಹಿ ಹಾಕಲು ತಡಮಾಡುತ್ತಿದ್ದರೆ ಕಾರಣ ಸಾಮಾನ್ಯವಾಗಿ ಟಿಡಿಎಸ್ ಪುರಾವೆ. ಕೊಂಡವರು ಕೊಡುವ ಚಲನ್‌ನಲ್ಲಿ ಟಿಡಿಎಸ್ ಕಟ್ಟಲು ಅವರು ಪಡೆದ ಟ್ಯಾನ್ ಸಂಖ್ಯೆ ಇರುತ್ತದೆ, ನಿಮ್ಮ ಪ್ಯಾನ್ ಇರುವುದಿಲ್ಲ. ಆ ದುಡ್ಡು ನಿಮ್ಮ ಹೆಸರಿಗೆ ಸೇರುವುದು ಅವರು 27ಕ್ಯೂ ಎಂಬ ತ್ರೈಮಾಸಿಕ ರಿಟರ್ನ್ ಹಾಕಿದಾಗ. ಸೆಪ್ಟೆಂಬರ್ ಮಾರಾಟಕ್ಕೆ ಹಣ ಕಟ್ಟಲು ಅಕ್ಟೋಬರ್ 7, ರಿಟರ್ನ್‌ಗೆ ಅಕ್ಟೋಬರ್ 31, ಅದಾದ ಮೇಲೆ ನಿಮಗೆ ಟಿಡಿಎಸ್ ಪ್ರಮಾಣಪತ್ರವಾದ ಫಾರ್ಮ್ 16ಎ ಕೊಡಲು ನವೆಂಬರ್ 15 ಕೊನೆಯ ದಿನ. ನಿಮ್ಮ ಹೆಸರಿಗೆ ಜಮೆಯಾದ ತೆರಿಗೆಯ ಪಟ್ಟಿಯಾದ ಫಾರ್ಮ್ 26ಎಎಸ್‌ನಲ್ಲಿ ನಿಮ್ಮ ಪ್ಯಾನ್ ಎದುರು 20,93,000 ಕಂಡ ದಿನ ಸಿಎ ಕೈಗೆ ಗಟ್ಟಿ ಆಧಾರ ಸಿಗುತ್ತದೆ. ಮಾರಾಟವಾದ ವಾರದಲ್ಲೇ ಹಣ ಕಳಿಸುವ ಆಸೆ ಇಟ್ಟುಕೊಳ್ಳದಿರುವುದು ಒಳ್ಳೆಯದು.

ಎಲ್ಲಕ್ಕಿಂತ ಹೆಚ್ಚು ಕಾಡುವ ತಪ್ಪು ಇಲ್ಲೇ ಆಗುವುದು. ಮಾರಿದವರು ಅನಿವಾಸಿ ಎಂಬುದನ್ನು ಗಮನಿಸದೆ ಕೊಂಡವರು ನಿವಾಸಿಗಳಿಗೆ ಅನ್ವಯಿಸುವ ಶೇ 1 ಮಾತ್ರ ಹಿಡಿದು 26ಕ್ಯೂಬಿ ಫಾರ್ಮಿನಲ್ಲಿ ಕಟ್ಟಿಬಿಡುತ್ತಾರೆ. 26ಎಎಸ್‌ನಲ್ಲಿ ನಿಮ್ಮ ನಮೂದು 194-ಐಎ ಕಲಂ ಕೆಳಗೆ ಕಂಡರೆ ಆಗಿರುವುದು ಇದೇ, 195ರ ಕೆಳಗೆ ಇದ್ದರೆ ಸರಿ. ತಪ್ಪಾಗಿದ್ದರೆ ಕೊಂಡವರು ಟ್ಯಾನ್ ಪಡೆದು ಮಿಕ್ಕದ್ದನ್ನು ಬಡ್ಡಿ ಸಮೇತ ಕಟ್ಟಬೇಕು, ಇಲ್ಲವೇ ನೀವೇ ಪೂರ್ತಿ ತೆರಿಗೆ ಕಟ್ಟಿ ಚಲನ್ ತೋರಿಸಬೇಕು. ಎರಡನೆಯ ದಾರಿಯಲ್ಲೂ ಕೊಂಡವರ ಮೇಲಿನ ಬಡ್ಡಿಯ ಹೊರೆ ತಾನಾಗಿ ಹೋಗುವುದಿಲ್ಲ. ನಿಮ್ಮಲ್ಲಿ 20.93 ಲಕ್ಷ ಹಿಡಿದಿರುವುದರಿಂದ ದರ ಸರಿಯಿದೆ, ಕಲಂ ಒಂದನ್ನು ನೋಡಿಕೊಳ್ಳಿ.

ಅಮೆರಿಕದ ಜೊತೆಗಿನ ತೆರಿಗೆ ಒಪ್ಪಂದದ ಪ್ರಕಾರ ಇಲ್ಲಿನ ಸ್ಥಿರಾಸ್ತಿಯ ಲಾಭಕ್ಕೆ ಭಾರತ ತನ್ನ ಕಾನೂನಿನಂತೆ ತೆರಿಗೆ ಹಾಕಬಹುದು. ಆದ್ದರಿಂದ 15ಸಿಬಿಯಲ್ಲಿ ಒಪ್ಪಂದದ ರಿಯಾಯಿತಿ ಕೇಳುವ ಪ್ರಶ್ನೆಯೇ ಬರುವುದಿಲ್ಲ, ಅಮೆರಿಕದ ನಿವಾಸಿ ಎಂಬ ಪ್ರಮಾಣಪತ್ರಕ್ಕಾಗಿ ತಿಂಗಳುಗಟ್ಟಲೆ ಕಾಯುವ ಅಗತ್ಯವೂ ಇಲ್ಲ. 16ಎ ಪ್ರತಿಯನ್ನು ಜೋಪಾನವಾಗಿಡಿ, ಅಲ್ಲಿ ಇದೇ ಲಾಭವನ್ನು ತೋರಿಸುವಾಗ ಇಲ್ಲಿ ಕಟ್ಟಿದ ತೆರಿಗೆಯನ್ನು ಕಳೆಯಲು ಅದು ಬೇಕು.

ಪೋರ್ಟಲ್‌ನ ಕೆಲಸಕ್ಕೆ ನಿಮ್ಮ ಲಾಗಿನ್ನೂ ಬೇಕು. ಅಲ್ಲಿ ನಿಮ್ಮ ಸ್ಥಿತಿ ಇನ್ನೂ ನಿವಾಸಿ ಎಂದಿದ್ದರೆ ಮೊದಲು ಅನಿವಾಸಿ ಎಂದು ತಿದ್ದಿ. ನಂತರ ನಿಮ್ಮ ಸಿಎಯನ್ನು ಅಲ್ಲಿ ಸೇರಿಸಿ ಈ ಫಾರ್ಮಿನ ಕೆಲಸ ವಹಿಸಿ. ಅವರು 15ಸಿಬಿ ಸಲ್ಲಿಸಿದ ಮೇಲೆ ಬರುವ ಸ್ವೀಕೃತಿ ಸಂಖ್ಯೆಯನ್ನು ಬಳಸಿ ನೀವು 15ಸಿಎಯ ‘ಸಿ’ ಭಾಗ ಭರ್ತಿ ಮಾಡಬೇಕು. ವರ್ಷಕ್ಕೆ 5 ಲಕ್ಷ ದಾಟಿದ, ತೆರಿಗೆಗೆ ಒಳಪಡುವ ರವಾನೆಗೆ ಇರುವುದು ಆ ಭಾಗ. 15ಸಿಎ ನಿಮ್ಮದೇ ಘೋಷಣೆ, ಅದನ್ನು ದೃಢೀಕರಿಸಬೇಕಾದವರು ನೀವು. ಆಧಾರ್‌ಗೆ ಜೋಡಿಸಿದ ಭಾರತದ ಮೊಬೈಲ್ ಸಂಖ್ಯೆ ನಿಂತುಹೋಗಿದ್ದರೆ ಒಟಿಪಿ ಬರದೆ ಇಲ್ಲೇ ಸಿಕ್ಕಿಬೀಳುತ್ತೀರಿ. ಪೋರ್ಟಲ್‌ನಲ್ಲಿ ಮೊದಲೇ ದೃಢೀಕರಿಸಿದ ಬ್ಯಾಂಕ್ ಖಾತೆಯ ಮೂಲಕವೋ ಸ್ವಂತ ಡಿಜಿಟಲ್ ಸಹಿಯಿಂದಲೋ ಮುಂದುವರಿಯಬಹುದು. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬರುವುದರಿಂದ ಕಲಂಗಳ ಮತ್ತು ಫಾರ್ಮುಗಳ ಸಂಖ್ಯೆ ಬದಲಾಗುತ್ತದೆ. ಆ ದಿನದ ಆಚೆಗೆ ಕಳಿಸುವುದಾದರೆ ಸಿಎಯನ್ನು ಕೇಳಿ ಆಗ ಚಾಲ್ತಿಯಲ್ಲಿರುವ ಫಾರ್ಮನ್ನೇ ಹಾಕಿ.

ಬ್ಯಾಂಕಿಗೆ ಕೊಡುವ ಕೊನೆಯ ಕಟ್ಟಿನಲ್ಲಿ ಹಣ ಹೊರಗೆ ಕಳಿಸಲು ಕೋರುವ ಎ2 ಅರ್ಜಿ, ಫೆಮಾ ಘೋಷಣೆ, ಮೇಲೆ ಹೇಳಿದ ಮುಚ್ಚಳಿಕೆ, 15ಸಿಎ ಮತ್ತು 15ಸಿಬಿಯ ಪ್ರತಿಗಳು, ಪ್ಯಾನ್, ಪಾಸ್‌ಪೋರ್ಟ್, ವೀಸಾ ಅಥವಾ ಒಸಿಐ ಕಾರ್ಡಿನ ಪ್ರತಿ, ಹ್ಯೂಸ್ಟನ್ ಬ್ಯಾಂಕಿನ ಖಾತೆ ಸಂಖ್ಯೆ ಮತ್ತು ಸ್ವಿಫ್ಟ್ ಕೋಡ್ ಇರಲಿ. ಆ ಖಾತೆ ನಿಮ್ಮ ಹೆಸರಿನದೇ ಆಗಿರಲಿ. ಎ2ನಲ್ಲಿ ಬರೆದ ಮೊತ್ತ, ಶಾಖೆ, ಪರ್ಪಸ್ ಕೋಡ್ 15ಸಿಬಿಯಲ್ಲಿ ಇರುವಂತೆಯೇ ಇರಬೇಕು. ಪರ್ಪಸ್ ಕೋಡನ್ನು ಸಿಎ ಒಂದು, ಬ್ಯಾಂಕು ಒಂದು ಹಾಕಿದರೆ 15ಸಿಬಿಯನ್ನೇ ಮತ್ತೆ ಮಾಡಿಸಬೇಕಾಗುತ್ತದೆ. ಅದಕ್ಕೇ ಸಿಎ ಕೆಲಸ ಶುರು ಮಾಡುವ ಮುಂಚೆ ಬ್ಯಾಂಕಿನಿಂದ ಕೋಡನ್ನೂ ಬಿಎಸ್‌ಆರ್ ಸಂಖ್ಯೆಯನ್ನೂ ಇಮೇಲಿನಲ್ಲಿ ತರಿಸಿಕೊಳ್ಳಿ. ಕೆಲವು ಬ್ಯಾಂಕುಗಳು 15ಸಿಬಿ ಜೊತೆಗೆ ಹಣದ ಮೂಲದ ಬಗ್ಗೆ ತಮ್ಮದೇ ನಮೂನೆಯಲ್ಲಿ ಇನ್ನೊಂದು ಸಿಎ ಪ್ರಮಾಣಪತ್ರ ಕೇಳುತ್ತವೆ. ಅದು ಸಿಎ ಲೆಟರ್‌ಹೆಡ್‌ನಲ್ಲಿ, ಯುಡಿಐಎನ್ ಸಂಖ್ಯೆಯೊಂದಿಗೆ ಇರಬೇಕು. ಎರಡೂ ಬೇಕೇ ಎಂದು ಅದೇ ಇಮೇಲಿನಲ್ಲಿ ಕೇಳಿ, ಒಂದೇ ಸಲ ಮಾಡಿಸಿ. ತಮ್ಮನ 10 ಲಕ್ಷದ ವಿವರಣೆ ಸೇರಬೇಕಾದ ಜಾಗ ಈ ಎರಡನೆಯ ಪತ್ರವೇ.

ಹೆಚ್ಚಾಗಿ ಕಟ್ಟಿದ 1,10,630 ರೂಪಾಯಿ ವಾಪಸು ಪಡೆಯಲು 2026ರ ಜುಲೈ 31ರೊಳಗೆ ಐಟಿಆರ್-2 ಹಾಕಿ. ಆ ರಿಫಂಡ್ ನಿಮ್ಮ ಎನ್‌ಆರ್‌ಒ ಖಾತೆಗೇ ಬರುತ್ತದೆ, ಬರುವಷ್ಟರಲ್ಲಿ ಹೊಸ ಹಣಕಾಸು ವರ್ಷವೂ ಶುರುವಾಗಿರುತ್ತದೆ. ಆ ವರ್ಷದಲ್ಲಿ ನಿಮ್ಮ ಒಟ್ಟು ರವಾನೆ 5 ಲಕ್ಷದೊಳಗೆ ಇದ್ದರೆ ಸಿಎ ಪ್ರಮಾಣಪತ್ರ ಬೇಕಾಗುವುದಿಲ್ಲ. ಈಗಿನ 15ಸಿಎಯ ‘ಎ’ ಭಾಗಕ್ಕೆ ಸಮನಾದ ಸ್ವಂತ ಘೋಷಣೆಯ ಜೊತೆ ರಿಫಂಡ್ ಆದೇಶದ ಪ್ರತಿಯನ್ನೂ ಹಿಂದಿನ ರವಾನೆಯ ಉಲ್ಲೇಖ ಸಂಖ್ಯೆಯನ್ನೂ ಕೊಟ್ಟರೆ ಸಾಕು.